ಮಾತು ಯಾರ ಕಡೆಗೆ

ಹತ್ತಾರು ಜನರಿರುವ ಕಾದಂಬರಿಯನ್ನೋ ನಾಟಕವನ್ನೋ ಬರೆಯಲು ಹೊರಟವರಿಗೆ ಹಿರಿಯರು ಒಂದು ಪರೀಕ್ಷೆ ಹೇಳಿಕೊಡುತ್ತಾರೆ. ಸಂಭಾಷಣೆಯ ಎಡಗಡೆ ಇರುವ ಹೆಸರುಗಳನ್ನು ಕೈಯಿಂದ ಮುಚ್ಚಿ ಓದಬೇಕು. ಯಾವ ಮಾತು ಯಾರದೆಂದು ತಿಳಿದರೆ ಪಾತ್ರಗಳು ಬೇರೆ ಬೇರೆಯಾಗಿ ಮೂಡಿವೆ, ತಿಳಿಯದಿದ್ದರೆ ಎಲ್ಲರ ಬಾಯಲ್ಲೂ ಲೇಖಕನೇ ಮಾತಾಡುತ್ತಿದ್ದಾನೆ ಎಂದು ಅರ್ಥ. ಪರೀಕ್ಷೆ ಸುಳ್ಳಲ್ಲ. ಆದರೆ ಅದರಲ್ಲಿ ಉತ್ತೀರ್ಣರಾಗಲು ನಾವು ಹಿಡಿಯುವ ದಾರಿ ತಪ್ಪು. ಒಬ್ಬನಿಗೆ ಮಾತುಮಾತಿಗೂ ಗಾದೆ, ಇನ್ನೊಬ್ಬಳಿಗೆ ಇಂಗ್ಲಿಷ್ ಬೆರಕೆ, ಮತ್ತೊಬ್ಬನಿಗೆ ಹುಬ್ಬಳ್ಳಿ ಕಡೆಯ ‘ರೀ’, ಮುದುಕನಿಗೊಂದು ಕೆಮ್ಮು. ಹೆಸರು ಮುಚ್ಚಿದರೂ ಯಾರೆಂದು ಗೊತ್ತಾಗುತ್ತದೆ, ನಿಜ. ಹಾಗೆ ಗೊತ್ತಾಗುವುದು ಒಂದು ಗುರುತು ಮಾತ್ರ, ಮನುಷ್ಯನಲ್ಲ.

ಈ ದಾರಿಯಲ್ಲಿ ಇನ್ನೊಂದು ಅನ್ಯಾಯವೂ ನಡೆಯುತ್ತದೆ. ನಾಯಕ ನಾಯಕಿಯರಿಗೆ ತಿದ್ದಿದ ಕನ್ನಡ, ಆಳಿಗೂ ಹಾಸ್ಯನಟನಿಗೂ ಒಂದು ಸೀಮೆಯ ಕನ್ನಡ ಎಂಬ ಹಂಚಿಕೆಯನ್ನು ನಮ್ಮ ಸಿನಿಮಾ ಬಹುಕಾಲ ನಡೆಸಿಕೊಂಡು ಬಂದಿದೆ. ಆಗ ಲಕ್ಷಾಂತರ ಜನರ ಮನೆಮಾತು ಒಂದು ಪಾತ್ರದ ವೇಷವಾಗಿಬಿಡುತ್ತದೆ. ದೇವನೂರ ಮಹಾದೇವ ‘ಕುಸುಮಬಾಲೆ’ಯಲ್ಲಿ ನಿರೂಪಣೆಯನ್ನೂ ಆ ಜನರ ನುಡಿಗೇ ಒಪ್ಪಿಸಿದ್ದು ಇದಕ್ಕೊಂದು ಗಟ್ಟಿ ಉತ್ತರ. ಕಥೆ ಹೇಳುವವನೂ ಕಥೆಯೊಳಗಿನವರೂ ಒಂದೇ ನುಡಿಯವರಾದಾಗ ಸೀಮೆಯ ಮಾತು ಯಾರೊಬ್ಬರ ಗುರುತಾಗಿಯೂ ಉಳಿಯುವುದಿಲ್ಲ. ಹಾಗಾದರೆ ಅಲ್ಲಿ ಒಬ್ಬರಿಂದ ಒಬ್ಬರನ್ನು ಬೇರೆ ಮಾಡುವುದು ಯಾವುದು?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದನಿ ಎಂಬುದು ಒಬ್ಬನೊಳಗೆ ಮೊದಲೇ ಇದ್ದು ಬಾಯಿ ತೆರೆದಾಗ ಹೊರಬರುವ ವಸ್ತುವಲ್ಲ. ಈ ಮನುಷ್ಯನಿಗೆ, ಈ ಹೊತ್ತಿನಲ್ಲಿ, ಎದುರಿಗಿರುವ ಈ ವ್ಯಕ್ತಿಯಿಂದ ಏನೋ ಬೇಕಾಗಿದೆ, ಅದನ್ನು ನೇರವಾಗಿ ಕೇಳಲು ಆಗುತ್ತಿಲ್ಲ. ಆ ಬೇಡಿಕೆಗೂ ಆ ತಡೆಗೂ ನಡುವೆ ಮಾತು ಹಿಡಿಯುವ ವಕ್ರದಾರಿಯೇ ದನಿ. ಉಳಿದದ್ದೆಲ್ಲ, ಸೀಮೆಯ ನುಡಿಯೂ ಸೇರಿ, ಅದರ ಮೇಲೆ ಬರುವಂಥದ್ದು.

ಇದಕ್ಕೆ ನನಗೆ ಸಿಗುವ ದೊಡ್ಡ ಸಾಕ್ಷಿ ಕುಮಾರವ್ಯಾಸ. ಹತ್ತು ಪರ್ವಗಳ ಆ ಕಾವ್ಯದಲ್ಲಿ ಎಲ್ಲರೂ ಭಾಮಿನಿ ಷಟ್ಪದಿಯಲ್ಲೇ ಮಾತಾಡುತ್ತಾರೆ. ಮೂರು ಮಾತ್ರೆ, ನಾಲ್ಕು ಮಾತ್ರೆ ಎಂದು ಸಾಗುವ ಅದೇ ನಡಿಗೆಯಲ್ಲಿ ದ್ರೌಪದಿ ಸಭೆಯನ್ನು ಪ್ರಶ್ನಿಸಬೇಕು, ದುರ್ಯೋಧನ ಹಟ ಹಿಡಿಯಬೇಕು, ಉತ್ತರಕುಮಾರ ಜಂಬ ಕೊಚ್ಚಬೇಕು. ಪಾತ್ರಕ್ಕೆ ತಕ್ಕಂತೆ ಲಯ ಬದಲಿಸುವ ಸ್ವಾತಂತ್ರ್ಯ ಕವಿಗಿಲ್ಲ. ಆದರೂ ಅಲ್ಲಿ ಒಬ್ಬರ ಮಾತು ಇನ್ನೊಬ್ಬರದಾಗುವುದಿಲ್ಲ.

ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟನ್ನು ಹೇಳುವ ಪ್ರಸಂಗ ಶಾಲೆಯಲ್ಲಿ ಓದಿದವರಿಗೆಲ್ಲ ನೆನಪಿರುತ್ತದೆ. ಗುಟ್ಟು ಹೇಳುವ ಮುಂಚೆ ನಡೆಯುವುದನ್ನು ಗಮನಿಸಬೇಕು. ಕೃಷ್ಣ ಮೈದುನನೊಡನೆ ಆಡುವ ಸಲಿಗೆಯಿಂದ ಕರ್ಣನನ್ನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ನಿಮ್ಮ ಸಮಕ್ಕೆ ನಾನು ಕೂರುವುದೇ ಎಂದು ಕರ್ಣ ಅಂಜುತ್ತಾನೆ, ದೇವ ಎಂದು ಕರೆಯುತ್ತಾನೆ. ಕೃಷ್ಣ ಇನ್ನಷ್ಟು ಸರಿದು ತೊಡೆ ತಾಗುವಂತೆ ಕೂರುತ್ತಾನೆ. ಕೃಷ್ಣನಿಗೆ ಬೇಕಾದದ್ದು ದುರ್ಯೋಧನನ ಬಲವನ್ನು ಮುರಿಯುವುದು. ಅದನ್ನು ಹಾಗೆಂದು ಹೇಳುವಂತಿಲ್ಲ, ಆದ್ದರಿಂದ ನಂಟಿನ ದಾರಿ ಹಿಡಿಯುತ್ತಾನೆ. ಕರ್ಣನಿಗೆ ಬದುಕಿಡೀ ಬೇಕಾಗಿದ್ದದ್ದು ಸರಿಸಮನಾಗಿ ಕೂರುವ ಈ ಜಾಗವೇ. ಅದು ಸಿಕ್ಕ ಗಳಿಗೆಯಲ್ಲೇ ಅದನ್ನು ಒಪ್ಪಿಕೊಳ್ಳಲಾರದ ಸ್ಥಿತಿ ಅವನದು, ಏಕೆಂದರೆ ಅದರ ಬೆಲೆ ದುರ್ಯೋಧನ. ಒಂದೇ ಛಂದಸ್ಸಿನಲ್ಲಿ ಒಬ್ಬನ ಮಾತು ಹತ್ತಿರ ಸರಿಯುತ್ತದೆ, ಇನ್ನೊಬ್ಬನದು ಹಿಂದೆ ಸರಿಯುತ್ತದೆ. ಹೆಸರು ಮುಚ್ಚಿ ಓದಿದರೂ ತಿಳಿಯುವುದು ಈ ಸರಿದಾಟದಿಂದ.

ಇನ್ನು ಉತ್ತರಕುಮಾರ. ಹೆಂಗಸರ ನಡುವೆ ಅವನ ಮಾತಿಗೆ ತಡೆಯೇ ಇಲ್ಲ. ಕೌರವರ ಸೇನೆ ಕಣ್ಣಿಗೆ ಬಿದ್ದಾಗ ಅದೇ ಬಾಯಿ ಬೇರೆಯಾಗಿ, ರಥದಿಂದ ಧುಮುಕಿ ಓಡುತ್ತಾನೆ. ಇವೆರಡೂ ಅವನ ದನಿಯೇ. ಒಬ್ಬ ಮನುಷ್ಯ ಎಲ್ಲ ಕಡೆಯೂ ಒಂದೇ ಬಗೆಯಲ್ಲಿ ಮಾತಾಡಬೇಕೆಂದು ಬಯಸುವ ಲೇಖಕ ಅವನ ಅರ್ಧವನ್ನು ಕಳೆದುಕೊಳ್ಳುತ್ತಾನೆ.

ಹೊಸಗಾಲದ ಕನ್ನಡದಲ್ಲಿ ಇದನ್ನು ಕಲಿಯಲು ತೇಜಸ್ವಿಯವರ ‘ಕರ್ವಾಲೊ’ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 1980ರಲ್ಲಿ ಬಂದ ಆ ಚಿಕ್ಕ ಕಾದಂಬರಿಯಲ್ಲಿ ಹಾರುವ ಓತಿಯೊಂದನ್ನು ಹುಡುಕಿ ಒಂದು ತಂಡ ಕಾಡಿಗೆ ಹೋಗುತ್ತದೆ. ವಿಜ್ಞಾನಿ ಕರ್ವಾಲೊ ಅವರಿಗೆ ಅದು ಜೀವವಿಕಾಸದ ಒಂದು ಜೀವಂತ ಪುಟ. ಪ್ರಭಾಕರನಿಗೆ ಒಂದು ಫೋಟೊ. ಮಂದಣ್ಣನಿಗೆ ಸರ್ಕಾರಿ ನೌಕರಿಯೊಂದು ಸಿಕ್ಕಿದರೆ ಮದುವೆಯಾದೀತು ಎಂಬ ಆಸೆ. ಬಿರಿಯಾನಿ ಕರಿಯಪ್ಪನ ಆಸೆ ಅವನ ಹೆಸರಿನಲ್ಲೇ ಇದೆ. ಎಲ್ಲರ ಕಣ್ಣೂ ಒಂದೇ ಪ್ರಾಣಿಯ ಮೇಲಿದೆ, ಆದರೆ ಯಾರಿಬ್ಬರೂ ಅದನ್ನು ಒಂದೇ ಕಾರಣಕ್ಕೆ ನೋಡುತ್ತಿಲ್ಲ. ಬಹುಜನರ ಕಥೆಗೆ ಬೇಕಾದ ಮೂಲ ವ್ಯವಸ್ಥೆ ಇದು: ಎಲ್ಲರೂ ಕಣ್ಣಿಟ್ಟಿರುವ ಒಂದು ವಸ್ತು, ಅದರಿಂದ ಬೇರೆ ಬೇರೆಯವರಿಗೆ ಬೇರೆ ಬೇರೆ ಅಗತ್ಯ. ಒಬ್ಬೊಬ್ಬರಿಗೂ ಒಂದೊಂದು ಪ್ರತ್ಯೇಕ ವಸ್ತು ಕೊಟ್ಟರೆ ಕಥೆ ಚದುರುತ್ತದೆ. ಎಲ್ಲರಿಗೂ ಒಂದೇ ಕಾರಣ ಕೊಟ್ಟರೆ ಅದು ಮೇಳಗೀತೆಯಾಗುತ್ತದೆ.

ತೇಜಸ್ವಿ ಇನ್ನೂ ಒಂದು ಕೆಲಸ ಮಾಡುತ್ತಾರೆ. ನಿರೂಪಕನ ಕಣ್ಣಿಗೆ ಮಂದಣ್ಣ ಒಬ್ಬ ಪೆದ್ದ, ಕರ್ವಾಲೊ ಅವರ ಕಣ್ಣಿಗೆ ಅಪರೂಪದ ನಿಸರ್ಗವೀಕ್ಷಕ. ಮಂದಣ್ಣನಲ್ಲಿ ಏನಿದೆಯೆಂಬುದು ಅವನ ಮಾತನ್ನು ಕೇಳಿಸಿಕೊಳ್ಳುವ ಕಿವಿಯನ್ನು ಅವಲಂಬಿಸಿದೆ. ಪಾತ್ರಗಳನ್ನು ಒಂಟಿಯಾಗಿ ಕೂರಿಸಿ ಒಂದೊಂದಕ್ಕೂ ಜಾತಕ ಬರೆದಿಡುವ ಅಭ್ಯಾಸದ ಕೊರತೆ ಇಲ್ಲಿ ಕಾಣುತ್ತದೆ. ವಯಸ್ಸು, ಊರು, ಇಷ್ಟದ ಬಣ್ಣ ಎಲ್ಲ ಬರೆದಿಟ್ಟರೂ ಅವನು ಯಾರ ಎದುರು ಹೇಗೆ ಎಂಬುದು ಜಾತಕದಲ್ಲಿ ಬರುವುದಿಲ್ಲ.

ಒಂದು ದೃಶ್ಯವನ್ನೇ ಕಟ್ಟಿ ನೋಡೋಣ. ತುಮಕೂರು ಕಡೆಯ ಒಂದು ಹಳ್ಳಿ, ಅಪ್ಪ ತೀರಿಕೊಂಡು ವರ್ಷವಾಗಿದೆ. ಹಳೇ ಮನೆ ಮತ್ತು ತೆಂಗಿನ ತೋಟಕ್ಕೆ ಗಿರಾಕಿ ಬಂದಿದ್ದಾರೆ. ಊರಲ್ಲೇ ಉಳಿದು ತೋಟ ನೋಡಿಕೊಂಡ ಅಣ್ಣ, ಬೆಂಗಳೂರಿನ ತಮ್ಮ, ಮದುವೆಯಾಗಿ ಹೋದ ತಂಗಿ ಮತ್ತು ಅಮ್ಮ ಕೂತಿದ್ದಾರೆ. ಮೊದಲ ಬರವಣಿಗೆಯಲ್ಲಿ ಸಾಮಾನ್ಯವಾಗಿ ಹೀಗಾಗುತ್ತದೆ: ಮಣ್ಣು ತಾಯಿಯಿದ್ದ ಹಾಗೆ ಎನ್ನುತ್ತಾನೆ ಅಣ್ಣ. ಕಾಲಕ್ಕೆ ತಕ್ಕಂತೆ ಬದಲಾಗಬೇಕು ಎನ್ನುತ್ತಾನೆ ತಮ್ಮ. ನೆನಪುಗಳಿಗೆ ಬೆಲೆಯಿಲ್ಲವೇ ಎನ್ನುತ್ತಾಳೆ ತಂಗಿ. ಅಮ್ಮ ಅಳುತ್ತಾಳೆ. ಪ್ರತಿಯೊಬ್ಬರೂ ತಮ್ಮ ನಿಲುವನ್ನು ಪೂರ್ಣವಾಕ್ಯದಲ್ಲಿ ಮಂಡಿಸುತ್ತಾರೆ, ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡುತ್ತಾರೆ. ಇದು ಚರ್ಚಾಸ್ಪರ್ಧೆ. ದೃಶ್ಯ ಸತ್ತಿದೆಯೆಂದು ತಿಳಿಯಲು ಈ ಲಕ್ಷಣ ಸಾಕು.

ಈಗ ಒಬ್ಬೊಬ್ಬರಿಗೂ ಬಾಯಿಬಿಟ್ಟು ಕೇಳಲಾಗದ್ದೊಂದನ್ನು ಕೊಡೋಣ. ಅಣ್ಣನಿಗೆ ಬೇಕಾದದ್ದು ಜಮೀನಲ್ಲ. ತಾನು ಇಲ್ಲಿ ಕಳೆದ ವರ್ಷಗಳು ದಂಡವಲ್ಲ ಎಂದು ಯಾರಾದರೂ ಹೇಳಬೇಕು. ತಮ್ಮನಿಗೆ ಫ್ಲ್ಯಾಟಿನ ಸಾಲ ಕುತ್ತಿಗೆಗೆ ಬಂದಿದೆ, ಅಣ್ಣನ ಮುಂದೆ ಅದನ್ನು ಹೇಳಲು ನಾಚಿಕೆ. ತಂಗಿಗೆ ಹಬ್ಬಕ್ಕೆ ಬರಲು ಒಂದು ತವರು ಬೇಕು. ಆದರೆ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಅವಳಿಗೂ ಸಮಪಾಲಿದೆ, ಅದನ್ನು ಕೇಳು ಎಂದು ಗಂಡ ಹೇಳಿ ಕಳಿಸಿದ್ದಾನೆ. ಅಮ್ಮನಿಗೆ ತನ್ನನ್ನೂ ಒಂದು ಮಾತು ಕೇಳಬೇಕು ಎಂಬ ಆಸೆ.

“ಮೂರನೇ ಬೋರೂ ಬತ್ತೋಯ್ತು. ನಾಲ್ಕನೇದಕ್ಕೆ ಪಾಯಿಂಟ್ ಮಾಡ್ಸಿದ್ದೆ.”

“ರಾತ್ರಿ ಹೊತ್ತು ಅಮ್ಮಂಗೆ ಏನಾದ್ರೂ ಆದ್ರೆ ಇಲ್ಲಿಂದ ಆಸ್ಪತ್ರೆಗೆ ಎಷ್ಟೊತ್ತಾಗುತ್ತೆ, ಯೋಚ್ನೆ ಮಾಡಿದ್ದೀಯಾ ಅಣ್ಣ?”

“ನಂದೇನಿದೆ ಇದ್ರಲ್ಲಿ, ನೀವಿಬ್ರೂ ಒಪ್ಪಿದ್ರೆ ಸರಿ. ಸೈನ್ ಹಾಕೋಕೆ ಮುಂಚೆ ಪೇಪರ್ ಒಂದ್ಸಲ ತೋರ್ಸು ಅಂದಿದ್ರು ಇವ್ರು.”

“ಮೊದ್ಲು ಎದ್ದು ಊಟ ಮಾಡಿ. ಅನ್ನ ಆರೋಗುತ್ತೆ.”

ನಾಲ್ವರದೂ ಒಂದೇ ಮನೆಯ, ಒಂದೇ ಸೀಮೆಯ ಕನ್ನಡ. ಗಾದೆಯಿಲ್ಲ, ಕೆಮ್ಮಿಲ್ಲ. ಹೆಸರು ಹಾಕದಿದ್ದರೂ ಯಾರ ಮಾತು ಯಾವುದೆಂದು ಓದುಗರು ಹೇಳಬಲ್ಲರು. ಅಣ್ಣ ಆದ ಕೆಲಸದ ವರದಿ ಕೊಡುತ್ತಾನೆ, ಏಕೆಂದರೆ ಹೊಗಳಿಕೆಯನ್ನು ಕೇಳಿ ಪಡೆಯಲಾಗದು. ತಮ್ಮ ಪ್ರಶ್ನೆ ಹಾಕುತ್ತಾನೆ, ಏಕೆಂದರೆ ತನ್ನ ಸಾಲವನ್ನು ಅಮ್ಮನ ಆರೋಗ್ಯದ ಹಿಂದೆ ಅಡಗಿಸಬೇಕಾಗಿದೆ. ತಂಗಿ ತನ್ನ ಹಕ್ಕನ್ನು ‘ಇವ್ರು’ ಎಂಬ ಮರೆಯಲ್ಲಿ ನಿಂತು ಹೇಳುತ್ತಾಳೆ. ಯಾರೂ ಹಿಂದಿನ ಮಾತಿಗೆ ಉತ್ತರ ಕೊಟ್ಟಿಲ್ಲ, ಆದರೂ ಎಲ್ಲವೂ ಒಂದೇ ವಿಷಯದ ಸುತ್ತ ಇದೆ.

ಹಾಗಾಗಿ ಹೆಸರು ಮುಚ್ಚುವ ಪರೀಕ್ಷೆಗೆ ನಾನು ಇನ್ನೊಂದನ್ನು ಸೇರಿಸುತ್ತೇನೆ: ಈ ಮಾತನ್ನು ಯಾರಿಗೆ ಹೇಳಿದ್ದು ಎಂದು ಮಾತಿನಿಂದಲೇ ತಿಳಿಯಬೇಕು. ಇದೇ ಅಣ್ಣ ಹಿತ್ತಲಲ್ಲಿ ತಂಗಿಯೊಬ್ಬಳೇ ಸಿಕ್ಕಾಗ, “ಬಾಗಿನ ಕೊಡೋಕೆ ಒಂದು ಮನೆ ಅಂತ ಇರ್ಬೇಕಲ್ಲಮ್ಮ” ಎನ್ನಬಹುದು. ಈ ವಾಕ್ಯ ತಮ್ಮನ ಎದುರು ಅವನ ಬಾಯಿಂದ ಹೊರಡದು. ನೀನು, ನೀವು, ಕಣೋ, ಕಣೇ, ಅಮ್ಮ, ಅಪ್ಪ ಎಂದು ಪ್ರತಿ ವಾಕ್ಯದಲ್ಲೂ ಎದುರಿರುವವರ ಅಳತೆ ತೆಗೆಯುವ ನಮ್ಮ ನುಡಿಯಲ್ಲಿ ಬರೆಯುವವರಿಗೆ ಈ ಪರೀಕ್ಷೆ ಬಹಳ ಕೆಲಸಕ್ಕೆ ಬರುತ್ತದೆ.

ಇದಕ್ಕೊಂದು ಆಕ್ಷೇಪವಿದೆ, ಅದು ಹಗುರವಾದದ್ದೂ ಅಲ್ಲ. ನಾಲ್ವರ ಗುಟ್ಟನ್ನೂ ಬಲ್ಲವನು ಒಬ್ಬನೇ ಲೇಖಕ, ಹಾಗಾದರೆ ಇದು ಒಂದೇ ಮನಸ್ಸಿನ ನಾಲ್ಕು ವೇಷವಲ್ಲವೇ? ಹೌದು, ಒಂದೇ ಮನಸ್ಸು. ಆದರೆ ಆ ಮನಸ್ಸಿಗೆ ಒಬ್ಬರ ಪರ ಒಲವಿದ್ದರೆ ಅದು ಮಾತಿನಲ್ಲಿ ಸಿಕ್ಕಿಬೀಳುತ್ತದೆ. ನಾನು ಅಣ್ಣನ ಪರವಾಗಿದ್ದರೆ ತಮ್ಮನ ವಾಕ್ಯಗಳು ತಾವಾಗಿಯೇ ಒರಟಾಗುತ್ತವೆ, ಅವನ ಆಸ್ಪತ್ರೆಯ ಪ್ರಶ್ನೆ ಬರಿಯ ನೆಪವಾಗಿ ಕೇಳಿಸುತ್ತದೆ. ಅವನಿಗೆ ಅಮ್ಮನ ಚಿಂತೆಯೂ ನಿಜವಾಗಿಯೇ ಇದೆ ಎಂದು ನಾನು ಒಪ್ಪಿದಾಗ ಮಾತ್ರ ಆ ಪ್ರಶ್ನೆಗೆ ಎರಡು ತಳ ಬರುತ್ತದೆ. ಇಲ್ಲಿ ಕಸುಬು ಮತ್ತು ನ್ಯಾಯ ಬೇರೆ ಬೇರೆಯಾಗಿ ಉಳಿಯುವುದಿಲ್ಲ. ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಗೂ ಅವನ ನಾಯಿ ಹುಲಿಯನಿಗೂ ಗೌಡರ ಮನೆಗಳಷ್ಟೇ ಗಮನ ಕೊಟ್ಟದ್ದು ಈ ಒಪ್ಪಿಗೆಯಿಂದ.

ನಮ್ಮ ದೃಶ್ಯದಲ್ಲಿ ಇನ್ನೂ ಒಬ್ಬರಿದ್ದಾರೆ, ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತಿರುವ ಅತ್ತಿಗೆ. ಅವಳ ಹೆಸರು ಪಹಣಿಯಲ್ಲಿಲ್ಲ, ಅವಳ ಸಹಿ ಯಾರಿಗೂ ಬೇಡ. ದೃಶ್ಯದುದ್ದಕ್ಕೂ ಅವಳನ್ನು ಸುಮ್ಮನಿರಿಸಬಹುದು, ಮೌನಕ್ಕೂ ಒಂದು ಬೇಡಿಕೆಯಿದ್ದರೆ ಅದೂ ದನಿಯೇ. ಆದರೆ ಮಾತಾಡಿಸುವುದಾದರೆ ಎಲ್ಲಿ, ಯಾರಿಗೆ ಎಂಬುದನ್ನು ಆರಿಸಬೇಕು. ಮೈದುನನಿಗೆ ಹೇಳಿದರೆ ಜಗಳ, ಅತ್ತೆಗೆ ಹೇಳಿದರೆ ದೂರು. ಗಂಡ ನಾಲ್ಕನೇ ಬೋರಿನ ಮಾತನ್ನು ಎರಡನೇ ಸಲ ಎತ್ತಿದಾಗ ಅವಳು ಅವನಿಗೇ ಹೇಳಲಿ: “ಕರೆಂಟ್ ಬರ್ತಿದ್ದಿದ್ದು ರಾತ್ರಿ ಎರಡಕ್ಕೆ. ಮೋಟ್ರು ಹಾಕೋಕೆ ಹೋಗ್ತಿದ್ದೋಳು ನಾನು.” ತನ್ನ ಶ್ರಮವನ್ನು ಯಾರಾದರೂ ಗುರುತಿಸಲಿ ಎಂದು ಕಾದು ಕೂತ ಅಣ್ಣನಿಗೆ, ತಾನೂ ಒಬ್ಬರ ಶ್ರಮವನ್ನು ಗುರುತಿಸಿಲ್ಲವೆಂದು ಆಗ ತಿಳಿಯುತ್ತದೆ. ಅವನ ಮುಂದಿನ ವಾಕ್ಯ ಇದುವರೆಗಿನ ವರದಿಯಂತಿರಲು ಸಾಧ್ಯವಿಲ್ಲ, ಲೇಖಕ ಅದನ್ನು ಹೊಸದಾಗಿ ಹುಡುಕಬೇಕು.