ಬೆನ್ನು ನೋಡುವವರು

‘ತನ್ನ ಬೆನ್ನು ತನಗೆ ಕಾಣದು.’ ಈ ಗಾದೆಯನ್ನು ನಾವು ಬಳಸುವುದು ಹೆಚ್ಚಾಗಿ ಚುಚ್ಚುವುದಕ್ಕೆ. ಊರಿನವರ ಹುಳುಕನ್ನೆಲ್ಲ ಎಣಿಸುವವನಿಗೆ ತನ್ನದು ಕಾಣುವುದಿಲ್ಲ ಎಂದು. ಆದರೆ ಗಾದೆಯ ಮಾತಿನಲ್ಲಿ ಬೈಗುಳವೇನೂ ಇಲ್ಲ. ಬೆನ್ನು ಕಾಣದಿರುವುದು ಸೊಕ್ಕಿನಿಂದಲ್ಲ, ಕಣ್ಣು ಮುಂದಕ್ಕಿರುವುದರಿಂದ.

ಬರೆಯುವವರ ಪಾಡೂ ಇದೇ. ಬರೆದದ್ದನ್ನು ತಾವೇ ಓದುವಾಗ ಕಣ್ಣಿಗೆ ಬೀಳುವುದು ಹಾಳೆಯ ಮೇಲಿರುವುದಲ್ಲ, ತಲೆಯಲ್ಲಿರುವುದು. ಬಿಟ್ಟುಹೋದ ವಾಕ್ಯವನ್ನು ನೆನಪು ತುಂಬಿಕೊಡುತ್ತದೆ, ಎಡವುವ ಜಾಗವೇ ಸಿಗುವುದಿಲ್ಲ. ಅದಕ್ಕೇ ಇನ್ನೊಬ್ಬರ ಕೈಗೆ ಹಾಳೆ ಕೊಡುವುದು. ಹಾಗೆ ಕೊಡುವಾಗ ಏನು ಕೇಳುತ್ತೇವೆ ಎಂಬುದರ ಮೇಲೆ ಎಲ್ಲ ನಿಂತಿದೆ. ‘ಹೇಗಿದೆ ಹೇಳಿ’ ಎಂದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ‘ತಿದ್ದಿಕೊಡಿ’ ಎಂದರೆ ಅವರು ತಮ್ಮ ವಾಕ್ಯ ಬರೆದುಕೊಡುತ್ತಾರೆ, ತಮಗೆ ಎಲ್ಲಿ ತೊಡಕಾಯಿತು ಎಂಬುದು ಅದರ ಕೆಳಗೆ ಮುಚ್ಚಿಹೋಗುತ್ತದೆ. ಕೇಳಬೇಕಾದದ್ದು ಇಷ್ಟೇ: ಪೆನ್ಸಿಲ್ ಹಿಡಿದು ಒಂದೇ ಸಲ, ಎಂದಿನ ವೇಗದಲ್ಲಿ ಓದಿ, ಮತ್ತೆ ಓದಬೇಕೆನಿಸಿದ ಕಡೆ ಕೆಳಗೊಂದು ಅಲೆಗೆರೆ, ಮನಸ್ಸು ಬೇರೆಡೆ ಹೋದ ಕಡೆ ಅಂಚಿನಲ್ಲೊಂದು ನೇರಗೆರೆ. ಕಾರಣ ಬರೆಯುವುದು ಬೇಡ.

ಒಂದೇ ಸಲ ಎನ್ನುವುದಕ್ಕೆ ಕಾರಣವುಂಟು. ಎರಡನೆಯ ಓದಿಗೆ ಅವರಿಗೂ ವಿಷಯ ಗೊತ್ತಾಗಿರುತ್ತದೆ, ನಮ್ಮ ಹಾಗೆ ಅವರೂ ಕುರುಡಾಗುತ್ತಾರೆ. ಮೊದಲೇ ಬಾಯಲ್ಲಿ ವಿಷಯ ವಿವರಿಸಿ ಕೊಟ್ಟರೂ ಅಷ್ಟೇ. ಒಬ್ಬರು ಒಂದು ಬರಹಕ್ಕೆ ಹೊಸಬರಾಗಿರುವುದು ಒಮ್ಮೆ ಮಾತ್ರ. ಅರೆಬೆಂದ ಕರಡು ತೋರಿಸಿ ಆ ಅವಕಾಶ ಕಳೆದುಕೊಳ್ಳುವವರೇ ಜಾಸ್ತಿ.

ಹಳೇ ಮೈಸೂರು ಸೀಮೆಯ ಕೆರೆಯೊಂದರ ಬಗ್ಗೆ ಯಾರೋ ಲೇಖನ ಬರೆದಿದ್ದಾರೆ ಅನ್ನಿ. ಮೊದಲ ಪ್ಯಾರಾದಲ್ಲಿ ಏರಿ, ಕೋಡಿ, ತೂಬು, ನೀರಗಂಟಿ ಎಲ್ಲ ಒಂದೇ ಉಸಿರಿನಲ್ಲಿ ಬಂದುಹೋಗುತ್ತವೆ. ಎರಡನೆಯದು, ಮೂರನೆಯದು ಹೂಳಿನ ಕತೆ. ನಾಲ್ಕನೆಯದು ಶುರುವಾಗುವುದು ಹೀಗೆ: ‘ಅವನು ತೂಬು ತೆಗೆದ ದಿನ ಊರಿಗೆಲ್ಲ ಹಬ್ಬ.’ ‘ಅವನು’ ಎಂಬುದರ ಕೆಳಗೆ ಅಲೆಗೆರೆ ಬಿದ್ದಿದೆ. ಕೈ ತಕ್ಷಣ ಹೋಗುವುದು ‘ಅವನು’ ಹೊಡೆದುಹಾಕಿ ‘ನೀರಗಂಟಿ’ ಎಂದು ಬರೆಯುವುದಕ್ಕೆ. ಬರೆದರೂ ತೊಡಕು ಹೋಗುವುದಿಲ್ಲ. ಕರಾವಳಿಯಲ್ಲೋ ಮುಂಬೈಯಲ್ಲೋ ಬೆಳೆದ ಓದುಗರಿಗೆ ನೀರಗಂಟಿ ಯಾರೆಂದೇ ಗೊತ್ತಿಲ್ಲದಿರಬಹುದು. ಎಡವಿದ್ದು ನಾಲ್ಕನೆಯ ಪ್ಯಾರಾದಲ್ಲಿ, ಕಲ್ಲು ಇರುವುದು ಮೊದಲನೆಯದರಲ್ಲಿ. ಅಲ್ಲಿ ಒಂದು ವಾಕ್ಯ ಸೇರಬೇಕು: ‘ಯಾವ ಗದ್ದೆಗೆ ಯಾವ ಹೊತ್ತು ನೀರು ಎಂದು ನೋಡಿಕೊಂಡು ತೂಬು ತೆಗೆದು ಮುಚ್ಚುವ ಕೆಲಸ ನೀರಗಂಟಿಯದು.’ ಅದು ಬಂದಮೇಲೆ ನಾಲ್ಕನೆಯ ಪ್ಯಾರಾದಲ್ಲಿ ಹೆಸರಿಟ್ಟು ಕರೆದರೆ ಸಾಕು. ಪದವನ್ನೇ ತೆಗೆದು ‘ನೀರು ಬಿಡುವವನು’ ಎಂದು ಸಪ್ಪೆ ಮಾಡುವುದು ಬೇಡ.

ಅದೇ ಲೇಖನದ ಹೂಳಿನ ಎರಡು ಪ್ಯಾರಾಗಳ ಪಕ್ಕದಲ್ಲಿ ಉದ್ದಕ್ಕೂ ನೇರಗೆರೆ ಇದೆ. ಒಳಗೆ ಅಲೆಗೆರೆಗಳೂ ಇವೆ, ಆದರೆ ಅವನ್ನು ತಿದ್ದುತ್ತ ಕೂರುವುದು ದಂಡ. ಮೊದಲು ನೋಡಬೇಕಾದದ್ದು, ಜನಕ್ಕೂ ನೀರಿಗೂ ಕಾದು ಕುಳಿತ ಓದುಗರಿಗೆ ಹೂಳನ್ನು ಇಲ್ಲೇ ಏಕೆ ಹೇಳಬೇಕು ಎಂಬುದನ್ನು. ಹಬ್ಬದ ದಿನ ಆಯಿತು, ಮುಂದಿನ ವರ್ಷಗಳಲ್ಲಿ ಕೊನೆಯ ಗದ್ದೆಗೆ ನೀರು ಮುಟ್ಟಲಿಲ್ಲ ಎಂದಮೇಲೆ ಹೂಳು ತಾನಾಗಿ ಬೇಕೆನಿಸುತ್ತದೆ. ಎರಡು ಪ್ಯಾರಾ ಕೆಳಗಿಳಿದು ಒಂದಾದಾಗ ಅಲೆಗೆರೆ ಬಿದ್ದ ಅರ್ಧ ವಾಕ್ಯಗಳೇ ಉಳಿಯುವುದಿಲ್ಲ. ಹಾಗಾಗಿ ಗುರುತುಗಳನ್ನು ಬಂದ ಸಾಲಿನಲ್ಲಿ ತಿದ್ದಬಾರದು. ಹಾಳೆಗಳನ್ನೆಲ್ಲ ಹರಡಿ, ಗುರುತು ಎಲ್ಲಿ ದಟ್ಟವಾಗಿದೆ ಎಂದು ನೋಡಿ ಅಲ್ಲಿಂದ ಹಿಡಿಯಬೇಕು. ಒಂಟಿ ಗುರುತು ಹೆಚ್ಚಾಗಿ ಪದದ ತೊಂದರೆ, ಗುಂಪಾಗಿದ್ದರೆ ಜೋಡಣೆಯದು.

ಗಾದೆಯ ಇನ್ನೊಂದು ಮಗ್ಗುಲೂ ಇದೆ. ಬೆನ್ನು ನನಗೆ ಕಾಣದಿದ್ದರೂ ಅಲ್ಲಿನ ನೋವು ಗೊತ್ತಾಗುವುದು ನನಗೇ. ನೋಡುವವರಿಗೆ ಕಲೆ ಕಂಡೀತು, ಅದು ಗಾಯವೋ ಹುಟ್ಟುಮಚ್ಚೆಯೋ ನಾನೇ ಹೇಳಬೇಕು. ಈ ಹಂಚಿಕೆ ತಪ್ಪಿದರೆ ಬರಹಗಾರ ಗಾಬರಿಯಲ್ಲಿ ಗುರುತಿನ ಸುತ್ತಲಿದ್ದುದನ್ನೂ ಕತ್ತರಿಸುತ್ತಾನೆ. ಟಿ.ಎಸ್. ಎಲಿಯಟ್ಟನ ‘ದಿ ವೇಸ್ಟ್ ಲ್ಯಾಂಡ್’ 1922ರಲ್ಲಿ ಪ್ರಕಟವಾಗುವ ಮೊದಲು ಎಜ್ರಾ ಪೌಂಡ್ ಹಸ್ತಪ್ರತಿಯ ತುಂಬ ಗುರುತು ಹಾಕಿ, ಅನೇಕ ಕಡೆ ಸಾಲುಗಳನ್ನೇ ಹೊಡೆದುಹಾಕಿದ್ದ. 1971ರಲ್ಲಿ ಆ ಹಾಳೆಗಳು ಇದ್ದಂತೆಯೇ ಅಚ್ಚಾದವು. ಪೌಂಡ್ ಹೊಡೆದುಹಾಕಿದ್ದರಲ್ಲಿ ಕವಿತೆಯ ನಾಲ್ಕನೆಯ ಭಾಗದ ಉದ್ದನೆಯ ಸಮುದ್ರಯಾನ ಪೂರ್ತಿ ಹೋಗಿತ್ತು. ಆಗ ಎಲಿಯಟ್, ಕೊನೆಗೆ ಬರುವ ಫ್ಲೀಬಸ್ ಎಂಬ ನಾವಿಕನನ್ನೂ ತೆಗೆದುಬಿಡಲೇ ಎಂದು ಕೇಳಿದ. ಕೂಡದು, ಅವನು ಕವಿತೆಗೆ ಬೇಕೇ ಬೇಕು ಎಂದು ಪೌಂಡ್ ಹಟಹಿಡಿದ. ಈಗ ಆ ಭಾಗದಲ್ಲಿ ಉಳಿದಿರುವುದು ಫ್ಲೀಬಸ್ಸನ ಹತ್ತು ಸಾಲು ಮಾತ್ರ.