ರೋಗಿಯ ಕಣ್ಣಿಗೆ ಕಾಣುವ ಉಡುಗೆ

ಮದುವೆಗೆ ಏನು ಉಡಬೇಕು, ಸಾವಿನ ಮನೆಗೆ ಏನು ಉಟ್ಟು ಹೋಗಬಾರದು ಎಂಬುದನ್ನು ನಮಗೆ ಯಾರೂ ಕೂರಿಸಿ ಕಲಿಸಿದ್ದಿಲ್ಲ. ಹಿರಿಯರನ್ನು ನೋಡಿಯೇ ತಿಳಿದುಕೊಂಡೆವು. ಆಸ್ಪತ್ರೆಯಲ್ಲಿ ಮಲಗಿರುವ ಬಂಧುವನ್ನು ನೋಡಲು ಹೊರಟಾಗ ಮಾತ್ರ ಅಂಥ ರೂಢಿಯ ಆಸರೆ ಇಲ್ಲ. ಕಾರಣ ಸರಳವಾದುದು. ನಮ್ಮ ಅಜ್ಜಂದಿರ ಕಾಲದಲ್ಲಿ ಕಾಯಿಲೆಯಾದವರು ಮನೆಯ ಒಳಕೋಣೆಯಲ್ಲಿ ಮಲಗುತ್ತಿದ್ದರು. ನೋಡಲು ಬರುವವರು ತೋಟದಿಂದಲೋ ಗದ್ದೆಯಿಂದಲೋ ನೇರವಾಗಿ ಬಂದು, ಅಂಗಳದಲ್ಲಿ ಕಾಲು ತೊಳೆದು, ಉಟ್ಟ ಬಟ್ಟೆಯಲ್ಲಿಯೇ ಬಾಗಿಲ ಬಳಿ ಕುಳಿತು ಮಾತನಾಡಿ ಹೋಗುತ್ತಿದ್ದರು. ಈಗ ಕಾಸರಗೋಡಿನ ಹಳ್ಳಿಯೊಂದರಿಂದ ಹೊರಟವರು ರೈಲನ್ನೋ ಬಸ್ಸನ್ನೋ ಹಿಡಿದು, ಗಡಿ ದಾಟಿ, ಮಂಗಳೂರಿನ ಯಾವುದೋ ಆಸ್ಪತ್ರೆಯ ನಾಲ್ಕನೆಯ ಮಹಡಿಗೆ ಹೋಗಬೇಕು. ಅದು ಪ್ರಯಾಣವೂ ಹೌದು, ನಗರದರ್ಶನವೂ ಹೌದು, ಬಂಧುಗಳೆಲ್ಲ ಸೇರುವ ಸ್ಥಳವೂ ಹೌದು. ಹೀಗಾಗಿ ಕಪಾಟಿನ ಮುಂದೆ ನಿಂತವರಿಗೆ ಸಂದೇಹ ಸಹಜ.

ಈ ಸಂದೇಹವನ್ನು ಕ್ಷುಲ್ಲಕವೆಂದು ತಳ್ಳಿಹಾಕುವವರಿದ್ದಾರೆ. ಮನಸ್ಸು ಶುದ್ಧವಾಗಿದ್ದರೆ ಸಾಲದೇ, ಬಟ್ಟೆಯಲ್ಲೇನಿದೆ ಎಂಬುದು ಅವರ ವಾದ. ಆದರೆ ನಮ್ಮ ಮನಸ್ಸು ರೋಗಿಗೆ ಕಾಣುವುದಿಲ್ಲ. ಹಾಸಿಗೆಯಲ್ಲಿ ಮಲಗಿರುವವನಿಗೆ ದಿನವಿಡೀ ಬೇರೆ ಕೆಲಸವಿಲ್ಲ. ಬಂದವರ ಮುಖ, ನಡೆ, ಉಡುಗೆ ಇವುಗಳಿಂದ ತನ್ನ ಸ್ಥಿತಿ ಹೇಗಿದೆ ಎಂಬುದನ್ನು ಊಹಿಸುತ್ತಲೇ ಇರುತ್ತಾನೆ. ವೈದ್ಯರು ಹೇಳದೆ ಉಳಿಸಿದ್ದನ್ನು ಬಂಧುಗಳ ಮೈಮೇಲೆ ಹುಡುಕುತ್ತಾನೆ. ನಿತ್ಯವೂ ಮಲ್ಲಿಗೆ ಮುಡಿದು, ಅಗಲವಾದ ಕುಂಕುಮವಿಟ್ಟು ಕಾಣುತ್ತಿದ್ದ ಅತ್ತಿಗೆ ಅಂದು ಬರಿಯ ತಲೆಯಲ್ಲಿ, ಮಾಸಿದ ಸೀರೆಯಲ್ಲಿ ಬಂದು ನಿಂತರೆ ಅವಳ ಸದುದ್ದೇಶ ಅವನಿಗೆ ಕಾಣುವುದಿಲ್ಲ. 'ನನ್ನ ವಿಷಯದಲ್ಲಿ ಇವರಿಗೇನೋ ಗೊತ್ತಾಗಿದೆ' ಎಂಬ ಅನುಮಾನವಷ್ಟೇ ಹುಟ್ಟುತ್ತದೆ.

ಗೌರವ ಮತ್ತು ಶಾಂತಿ ಇಲ್ಲಿ ಒಂದೇ ದಿಕ್ಕಿಗೆ ಎಳೆಯುವುದಿಲ್ಲ ಎಂಬುದೇ ತೊಡಕು. ಗೌರವವು ಒಳ್ಳೆಯದನ್ನು ಉಡು ಎನ್ನುತ್ತದೆ; ಹಿರಿಯರ ಮುಂದೆ ಹಳತನ್ನು ಸುತ್ತಿಕೊಂಡು ಹೋಗುವುದು ಅಸಡ್ಡೆಯೆಂದು ಅದಕ್ಕೆ ತೋರುತ್ತದೆ. ಶಾಂತಿಯು ಎಲ್ಲವನ್ನೂ ಕಡಿಮೆ ಮಾಡು ಎನ್ನುತ್ತದೆ. ಇವೆರಡರ ನಡುವೆ ಬಿಳಿಯ ಅಥವಾ ಬಣ್ಣಗೆಟ್ಟ ಉಡುಗೆಯೊಂದನ್ನು ಆರಿಸಿಕೊಂಡು ಸಮಾಧಾನಪಡುವವರು ಬಹಳ. ನಮ್ಮ ಗಡಿನಾಡಿನಲ್ಲಿ ಆ ಬಿಳುಪೇ ದೊಡ್ಡ ಪ್ರಶ್ನೆ. ಮಲಯಾಳಿ ನೆರೆಮನೆಯವರಿಗೆ ಕಸವಿನ ಅಂಚಿನ ಬಿಳಿಯುಡುಗೆ ಓಣಂ ಹಬ್ಬದ ಸಂಭ್ರಮ, ದೇವಸ್ಥಾನದ ಮಡಿ. ನಮ್ಮ ಹಳೆಯ ತಲೆಮಾರಿನ ಅನೇಕ ಅಜ್ಜಿಯಂದಿರಿಗೆ ಹೆಣ್ಣಿನ ಮೈಮೇಲಿನ ಬಿಳಿಸೀರೆ ವೈಧವ್ಯವನ್ನೇ ನೆನಪಿಗೆ ತರುತ್ತದೆ. ಗಂಡಸಿನ ಬಿಳಿಯ ಮುಂಡು ಎರಡೂ ಕಡೆಯವರಿಗೆ ಸಭ್ಯವಾದುದೇ. ಮಂಡಲಕಾಲದಲ್ಲಿ ಶಬರಿಮಲೆಯ ವ್ರತ ಹಿಡಿದು ಕಪ್ಪು ಉಟ್ಟವನು ಒಬ್ಬ ರೋಗಿಗೆ ದೇವರ ಪ್ರಸಾದವೇ ನಡೆದು ಬಂದಂತೆ ಕಂಡಾನು. ಆ ಸಂಪ್ರದಾಯದ ಪರಿಚಯವಿಲ್ಲದ ಇನ್ನೊಬ್ಬನಿಗೆ ಬರಿಯ ಕಪ್ಪಾಗಿ ಕಂಡಾನು. ಆದುದರಿಂದ ಶಾಂತವಾದ ಬಣ್ಣವೆಂದು ಒಂದನ್ನು ಬೆರಳಿಟ್ಟು ತೋರಿಸಲು ಬಾರದು. ನೋಡುವ ಕಣ್ಣು ಯಾರದು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನಾನು ಬಲ್ಲ ಒಂದು ಪ್ರಕರಣ ಇದನ್ನು ಸ್ಪಷ್ಟಪಡಿಸೀತು. ಎಪ್ಪತ್ತೆಂಟು ವರ್ಷದ ಹಿರಿಯರೊಬ್ಬರು, ಅಡಿಕೆ ಕೃಷಿಕರು, ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಬಳಿ ಎಲುಬು ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಸರಿಯಾಗಿಯೇ ನಡೆಯಿತು. ಆದರೆ ಎರಡನೆಯ ರಾತ್ರಿ ಅವರಿಗೆ ಭ್ರಮೆ ಹಿಡಿಯಿತು. ತಾನೆಲ್ಲಿದ್ದೇನೆಂದು ತಿಳಿಯದೆ ಕೈಗೆ ಚುಚ್ಚಿದ ಸೂಜಿಯನ್ನು ಕೀಳಲು ಹೊರಟರು. ವಯಸ್ಸಾದವರಲ್ಲಿ ಇಂಥ ಶಸ್ತ್ರಚಿಕಿತ್ಸೆಯ ಬಳಿಕ ಇದು ಅಪರೂಪವಲ್ಲ. ವೈದ್ಯರು ಇದನ್ನು ಡೆಲಿರಿಯಮ್ ಎನ್ನುತ್ತಾರೆ. ಇದು ಹುಚ್ಚಲ್ಲ, ಮರೆವಿನ ರೋಗವೂ ಅಲ್ಲ. ಏರಿ ಇಳಿಯುತ್ತ, ಬಹುಮಟ್ಟಿಗೆ ಕೆಲವು ದಿನಗಳಲ್ಲಿ ಕಡಿಮೆಯಾಗುವ ಗೊಂದಲ. ಸೋಂಕು, ನೋವು, ಔಷಧ, ನಿದ್ರೆಗೇಡು ಇವೆಲ್ಲ ಅದಕ್ಕೆ ಕಾರಣವಾಗಬಹುದಾದುದರಿಂದ ವೈದ್ಯರಿಗೆ ತಿಳಿಸಲೇಬೇಕು. ಅದರ ಜೊತೆಗೆ ಕನ್ನಡಕ, ಶ್ರವಣಯಂತ್ರ, ಗಡಿಯಾರ, ಪರಿಚಿತ ಮುಖಗಳು, ಮನೆಯ ಒಂದೆರಡು ವಸ್ತುಗಳು ರೋಗಿಯನ್ನು ಮರಳಿ ದಾರಿಗೆ ತರಲು ನೆರವಾಗುತ್ತವೆ.

ಮರುದಿನ ಬೆಳಿಗ್ಗೆ ಕೊಲ್ಲಿನಾಡಿನಲ್ಲಿದ್ದ ಮಗ ವಿಮಾನದಿಂದಿಳಿದು ನೇರವಾಗಿ ಆಸ್ಪತ್ರೆಗೆ ಬಂದ. ಕಡುನೀಲಿ ಕೋಟು, ಹೊಳೆಯುವ ಬೂಟು, ಮೈಯಿಂದ ಹೊಮ್ಮುವ ಅತ್ತರಿನ ಪರಿಮಳ. ದೂರದಿಂದ ಬಂದ ಮಗನ ಗೌರವ ಅದರಲ್ಲಿ ಇತ್ತು; ಅವನದು ಡಂಭವಲ್ಲ. ತಂದೆ ಅವನನ್ನು ನೋಡಿ ಹಾಸಿಗೆಯಲ್ಲಿ ಹಿಂದೆ ಸರಿದರು. ಬಳಿಯಲ್ಲಿದ್ದ ಮಡದಿಯನ್ನು ಕೇಳಿದರು: "ಇವರು ಯಾರು ಬಂದದ್ದು? ಬ್ಯಾಂಕಿನವರಾ?" ಅವರ ಕನ್ನಡಕ ಶಸ್ತ್ರಚಿಕಿತ್ಸೆಗೆ ಒಯ್ಯುವಾಗ ತೆಗೆದದ್ದು ಹಾಗೆಯೇ ಮೇಜಿನ ಖಾನೆಯಲ್ಲಿ ಉಳಿದಿತ್ತು. ಮಂಜಾದ ಕಣ್ಣಿಗೆ ಮುಖ ಕಾಣುವ ಮೊದಲು ಆಕೃತಿ ಕಂಡಿತ್ತು, ಕೋಟಿನ ಆಕೃತಿ. ಕೃಷಿಕನೊಬ್ಬನ ಬಾಳಿನಲ್ಲಿ ಕೋಟು ತೊಟ್ಟು ಬಾಗಿಲಿಗೆ ಬಂದವರಲ್ಲಿ ಸುಖಸುದ್ದಿ ತಂದವರು ಎಷ್ಟು ಜನ!

ಮಗನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದರು. ದಾದಿಯೊಬ್ಬರು ಕನ್ನಡಕ ಹುಡುಕಿ ತೊಡಿಸಿದರು. ಮಗ ಊರಿಗೆ ಹೋಗಿ ಸ್ನಾನ ಮುಗಿಸಿ, ಬಿಳಿಯ ಮುಂಡು ಉಟ್ಟು, ಅರ್ಧ ತೋಳಿನ ಹತ್ತಿಯ ಅಂಗಿ ತೊಟ್ಟು, ಹೆಗಲಿಗೆ ಬೈರಾಸು ಹಾಕಿಕೊಂಡು ಸಂಜೆ ಮತ್ತೆ ಬಂದ. ಮಂಚದ ಕಾಲ ಬಳಿ ನಿಲ್ಲದೆ, ಪಕ್ಕದ ಸ್ಟೂಲಿನಲ್ಲಿ ಕಣ್ಣಿನ ಎತ್ತರಕ್ಕೆ ಕುಳಿತ. ತಂದೆ ಬಹಳ ಹೊತ್ತು ನೋಡಿ, "ತೋಟಕ್ಕೆ ನೀರು ಬಿಟ್ಟಾಯಿತಾ?" ಎಂದರು. ಮಗ ಹನ್ನೆರಡು ವರ್ಷಗಳಿಂದ ಊರಿನಲ್ಲಿಲ್ಲ ಎಂಬುದು ಅವರಿಗೆ ಆಗ ನೆನಪಿರಲಿಲ್ಲ. ಎದುರಿಗಿರುವವನು ಮಗನೆಂಬುದು ಮಾತ್ರ ಗೊತ್ತಾಗಿತ್ತು. ಎಲ್ಲವೂ ಮುಂಡಿನ ಮಹಿಮೆ ಎಂದು ನಾನು ಹೇಳಲಾರೆ. ಕನ್ನಡಕದ ಪಾಲು ಅದರಲ್ಲಿ ದೊಡ್ಡದಿರಬಹುದು, ಸಂಜೆಯ ವೇಳೆಗೆ ಭ್ರಮೆ ತಾನಾಗಿಯೇ ತುಸು ಇಳಿದಿದ್ದಿರಲೂಬಹುದು. ಆದರೆ ಗುರುತು ಹಿಡಿಯಲು ತಿಣುಕುತ್ತಿರುವ ಮನಸ್ಸಿಗೆ ನಾವು ಹೊಸ ಒಗಟೊಂದನ್ನು ಒಡ್ಡಬೇಕೇ ಎಂದು ಕೇಳುವ ಹಕ್ಕು ಈ ಪ್ರಕರಣದಿಂದ ಸಿಗುತ್ತದೆ. ಶಾಂತವಾದ ಉಡುಗೆಯೆಂದರೆ ಆ ರೋಗಿಯ ನೆನಪಿನಲ್ಲಿ ನಾವು ಯಾವ ಉಡುಗೆಯಲ್ಲಿ ಇದ್ದೇವೆಯೋ ಅದೇ, ಒಗೆದು ಮಡಿಸಿದ್ದು. ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಈ ನಿಯಮಕ್ಕೆ ಒಂದು ಮಿತಿಯಿದೆ. ಅದನ್ನು ವಿಧಿಸುವುದು ರೋಗಿಯ ದೇಹ. ನೆನಪಿನಲ್ಲಿರುವ ಸೀರೆ ಎಷ್ಟೇ ಪ್ರೀತಿಯದಾದರೂ ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ಜೊತೆಗಿದ್ದದ್ದಾದರೆ ಎರಡು ದಿನ ಗಾಳಿಗೆ ಹರವಿ, ಸಾಧ್ಯವಾದರೆ ಒಗೆದು ಉಡಬೇಕು. ಕ್ಯಾನ್ಸರಿಗೆ ಕೀಮೋ ಔಷಧ ಪಡೆಯುತ್ತಿರುವವರಿಗೆ ಅತ್ತರು, ಮಲ್ಲಿಗೆ, ನುಸಿಗುಳಿಗೆ, ಕೆಲವೊಮ್ಮೆ ಒಗ್ಗರಣೆಯ ವಾಸನೆ ಕೂಡ ವಾಕರಿಕೆ ತರುತ್ತದೆ. ಸಂಕೋಚದಿಂದ ಅವರು ಬಾಯಿಬಿಟ್ಟು ಹೇಳುವುದಿಲ್ಲ, ಮುಖ ಆಚೆ ತಿರುಗಿಸುತ್ತಾರೆ. ಅಂಥವರಲ್ಲಿ ಔಷಧ ಕೊಟ್ಟ ಒಂದೆರಡು ವಾರಗಳಲ್ಲಿ ಸೋಂಕನ್ನು ಎದುರಿಸುವ ಬಿಳಿರಕ್ತಕಣಗಳು ತೀರ ಇಳಿಯುವುದುಂಟು. ಆಗ ಅನೇಕ ವಾರ್ಡುಗಳಲ್ಲಿ ಹೂವನ್ನೇ ಒಳಗೆ ಬಿಡುವುದಿಲ್ಲ, ಮುಡಿಯಲ್ಲಿರುವ ಹೂವಿಗೂ ಅದೇ ಮಾತು. ಸಡಿಲವಾದ ಸೆರಗು ಹಾಸಿಗೆಗೆ ಬಾಗಿದಾಗ ಗ್ಲೂಕೋಸಿನ ನಳಿಗೆಗೆ ಸಿಕ್ಕಿಕೊಳ್ಳುತ್ತದೆ, ನೆಲ ಗುಡಿಸಿ ಬಂದು ಹೊದಿಕೆಯ ಮೇಲೆ ಕೂರುತ್ತದೆ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಒಳ್ಳೆಯದು. ಬಳೆ ಉಂಗುರಗಳ ಸಂದಿಯಲ್ಲಿ ಕೈ ತೊಳೆದದ್ದು ಸಾಲದು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ 2007ರ ಸುಮಾರಿಗೆ ರೋಗಿಯನ್ನು ಮುಟ್ಟುವ ಸಿಬ್ಬಂದಿ ಮೊಣಕೈಯಿಂದ ಕೆಳಗೆ ತೋಳು, ಗಡಿಯಾರ, ಆಭರಣ ಏನೂ ಇಲ್ಲದಂತೆ ಇರಬೇಕೆಂಬ ನಿಯಮ ಬಂದದ್ದು ಕೈ ಚೆನ್ನಾಗಿ ತೊಳೆಯಲು ಅನುವಾಗಲೆಂದೇ. ಬಳೆಯನ್ನು ಬಿಚ್ಚುವುದು ನಮ್ಮ ತಾಯಂದಿರಿಗೆ ಅಮಂಗಲವೆನಿಸುತ್ತದೆ. ಬಿಚ್ಚಬೇಕಾಗಿಲ್ಲ, ಎರಡೇ ಬಳೆ ಉಳಿಸಿಕೊಂಡು ಅವನ್ನು ಮೇಲಕ್ಕೆ ಸರಿಸಿ ತೊಳೆದರಾಯಿತು. ಮಳೆಗಾಲದಲ್ಲಿ ನೆನೆದು ಬಂದವರು ಬದಲಿಸಿಕೊಳ್ಳಲು ಒಣಬಟ್ಟೆಯೊಂದನ್ನು ಚೀಲದಲ್ಲಿ ಇಟ್ಟುಕೊಳ್ಳಲಿ.

ಇಷ್ಟಾದ ಮೇಲೆ ನೈತಿಕವಾದ ಆಕ್ಷೇಪವೊಂದು ಉಳಿಯುತ್ತದೆ. ಒಳಗೆ ಎದೆ ಒಡೆಯುತ್ತಿರುವಾಗ ಎಂದಿನಂತೆ ಉಟ್ಟು, ಕುಂಕುಮವಿಟ್ಟು, ಏನೂ ಆಗಿಲ್ಲವೆಂಬಂತೆ ಹೋಗಿ ನಿಲ್ಲುವುದು ಸುಳ್ಳಲ್ಲವೇ? ನನಗೆ ಹಾಗೆ ತೋರುವುದಿಲ್ಲ. ಸುಳ್ಳು ಹೇಳುವವನು ಕೇಳಿದ ಪ್ರಶ್ನೆಗೆ ಬೇಕೆಂದೇ ತಪ್ಪು ಉತ್ತರ ಕೊಡುತ್ತಾನೆ. ಉಡುಗೆ 'ನೀವು ಗುಣವಾಗುತ್ತೀರಿ' ಎಂದು ಎಲ್ಲಿಯೂ ಹೇಳುವುದಿಲ್ಲ. 'ನಾನು ನಿಮ್ಮ ಅದೇ ಸೊಸೆ' ಎಂದಷ್ಟೇ ಹೇಳುತ್ತದೆ, ಮತ್ತು ಅದು ನಿಜ. ನಮ್ಮ ಅಂಜಿಕೆಯನ್ನು ಮೈಮೇಲೆ ಹೊತ್ತುಕೊಂಡು ಹೋದರೆ ರೋಗಿಯೇ ಎದ್ದು ನಮ್ಮನ್ನು ಸಂತೈಸಬೇಕಾಗುತ್ತದೆ. ಆದರೆ ಅವರೇ ಕೈ ಹಿಡಿದು 'ಡಾಕ್ಟರು ಏನು ಹೇಳಿದರು, ನಿಜ ಹೇಳು' ಎಂದು ಕೇಳಿದರೆ ಮಾತು ಬೇರೆಯಾಗುತ್ತದೆ. ಅಲ್ಲಿ ಸೀರೆಯ ಹಿಂದೆ ಅಡಗಲು ಸಾಧ್ಯವಿಲ್ಲ.

ಇನ್ನು ಮದುವೆಯ ಮಂಟಪದಿಂದ ನೇರವಾಗಿ ಆಸ್ಪತ್ರೆಗೆ ಬರುವವರ ವಿಚಾರ. ಮೊಮ್ಮಗಳ ಮದುವೆಗೆ ಹೋಗಲಾರದೆ ಮಲಗಿರುವ ಅಜ್ಜಿಗೆ ಮದುಮಕ್ಕಳನ್ನು ಜರಿಯ ರೇಷ್ಮೆಯಲ್ಲಿಯೇ ನೋಡುವ ಆಸೆ ಇರುತ್ತದೆ. ಅಂಥಲ್ಲಿ ಸರಳತೆಯ ಹೆಸರಿನಲ್ಲಿ ಬಟ್ಟೆ ಬದಲಿಸಿ ಹೋಗುವುದು ಆಕೆಗೆ ಬರಬೇಕಾದುದನ್ನು ಕಸಿದಂತೆ. ಆದರೆ ಆಕೆ ಇರುವುದು ಪ್ರತ್ಯೇಕ ಕೋಣೆಯಲ್ಲೋ ಹತ್ತು ಮಂಚಗಳ ವಾರ್ಡಿನಲ್ಲೋ ಎಂದು ಮೊದಲೇ ಕೇಳಿಕೊಳ್ಳಬೇಕು. ವಾರ್ಡಿನಲ್ಲಾದರೆ ಪಕ್ಕದ ಮಂಚದಲ್ಲಿ ಬೆಳಿಗ್ಗೆಯಷ್ಟೇ ಕೆಟ್ಟ ಸುದ್ದಿ ಕೇಳಿದವರೊಬ್ಬರು ಮಲಗಿರಬಹುದು. ಆಗ ಮದುಮಕ್ಕಳಿಬ್ಬರೇ ಒಳಗೆ ಹೋಗಿ, ದಾದಿಯನ್ನು ಕೇಳಿ ಪರದೆ ಎಳೆಸಿ, ಅಜ್ಜಿಯ ಕಾಲು ಮುಟ್ಟಿ ಬರಲಿ. ಉಳಿದ ದಿಬ್ಬಣ ಕೆಳಗೆ ಮರದ ನೆರಳಿನಲ್ಲಿ ಕಾಯುತ್ತಿರಲಿ.