ಒಂದ್ಸಲ ಮನಿಗ್ ಬನ್ನಿ

ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸು ಕಾಯುತ್ತ ಸ್ವಲ್ಪ ಹೊತ್ತು ನಿಂತರೆ ಸಾಕು, "ಒಂದ್ಸಲ ಮನಿಗ್ ಬನ್ನಿ" ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಉತ್ತರವೂ ತಯಾರಿರುತ್ತದೆ: "ಅಕ್ಕ್, ಬತ್ತೆ, ಕಾಂಬ." ಒಬ್ಬರು ಬೈಂದೂರಿನ ಬಸ್ಸು ಹತ್ತುತ್ತಾರೆ, ಇನ್ನೊಬ್ಬರು ಬ್ರಹ್ಮಾವರದ ಕಡೆ ಹೊರಡುತ್ತಾರೆ. ಯಾವ ದಿನ, ಎಷ್ಟು ಹೊತ್ತಿಗೆ, ಊಟಕ್ಕೋ ಬರೀ ಚಾಕ್ಕೋ ಎಂದು ಇವರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬ್ರಹ್ಮಾವರ ದಾಟಿ ತುಳು ಸೀಮೆಗೆ ಹೋದರೆ ಅಲ್ಲಿಯೂ ಇದೇ ಮಾತು "ಇಲ್ಲಡೆ ಬಲೆ" ಎಂದು ಕೇಳಿಸುತ್ತದೆ. ಇದು ನಿಜವಾದ ಕರೆಯೋ, ಬಾಯಿ ತುಂಬಿಸಲು ಹೇಳಿದ್ದೋ?

ಇಂಥ ಮಾತುಗಳನ್ನು ಹಿಡಿದು ಕೂತು ಅಧ್ಯಯನ ಮಾಡಿದವರಿದ್ದಾರೆ. 1990ರಲ್ಲಿ ಎಲೆನ್ ಐಸಾಕ್ಸ್ ಮತ್ತು ಹರ್ಬರ್ಟ್ ಕ್ಲಾರ್ಕ್ ಎಂಬ ಇಬ್ಬರು ಅಮೆರಿಕದಲ್ಲಿ ಜನ ಒಬ್ಬರನ್ನೊಬ್ಬರು ಕರೆಯುವ ಬಗೆಯನ್ನು ಪರಿಶೀಲಿಸಿ, 'ತೋರಿಕೆಯ ಆಹ್ವಾನ' ಎಂಬ ಒಂದು ಬಗೆಯಿದೆ ಎಂದು ತೋರಿಸಿದರು. ಕರೆದವನಿಗೂ ಕರೆಸಿಕೊಂಡವನಿಗೂ ಅದು ನಿಜವಲ್ಲವೆಂದು ಗೊತ್ತು, ಗೊತ್ತಿದೆ ಎಂಬುದೂ ಇಬ್ಬರಿಗೂ ಗೊತ್ತು. ಆದ್ದರಿಂದ ಅದು ಸುಳ್ಳಲ್ಲ, ಇಬ್ಬರೂ ಸೇರಿ ಆಡುವ ಒಂದು ಚಿಕ್ಕ ನಾಟಕ. ಗುರುತಿಸಲು ಅವರು ಕೆಲವು ಲಕ್ಷಣಗಳನ್ನೂ ಕೊಟ್ಟರು. ದಿನ, ಹೊತ್ತು ಅಸ್ಪಷ್ಟವಾಗಿರುವುದು ಒಂದು. ಒಮ್ಮೆ ಬೇಡವೆಂದ ಮೇಲೆ ಮತ್ತೆ ಒತ್ತಾಯಿಸದೆ ಬಿಡುವುದು ಇನ್ನೊಂದು.

ಈ ಎರಡು ಲಕ್ಷಣಗಳನ್ನು ನಮ್ಮ ಊರಿಗೆ ತಂದು ನೋಡಿದರೆ ಎರಡೂ ಎಡವುತ್ತವೆ. ಒತ್ತಾಯವನ್ನೇ ತೆಗೆದುಕೊಳ್ಳಿ. ಇಲ್ಲಿ ಮೊದಲ ಕರೆಗೆ ಹೂಂ ಎನ್ನುವುದೇ ಸ್ವಲ್ಪ ಅವಸರ ಎನಿಸುತ್ತದೆ. ಬೇಡ ಎನ್ನಬೇಕು, ಅವರು ಮತ್ತೆ ಹೇಳಬೇಕು, ಎಲೆಯ ಮುಂದೆ ಕೂತ ಮೇಲೂ ಸಾಕು ಸಾಕು ಎಂದು ಕೈ ಅಡ್ಡ ಹಿಡಿಯಬೇಕು. ಒತ್ತಾಯ ಮಾಡಿದರು ಎಂದ ಮಾತ್ರಕ್ಕೆ ಮನಸ್ಸಿನಿಂದ ಕರೆದರು ಎಂದಾಗದು. ಅದು ಕರೆಯುವ ಶಿಷ್ಟಾಚಾರದ ಒಂದು ಭಾಗ ಅಷ್ಟೆ.

ಅಸ್ಪಷ್ಟತೆಯ ವಿಷಯ ಇನ್ನೂ ಆಳದ್ದು. ದಿನ ಹೇಳದಿರುವುದು ಮನಸ್ಸಿಲ್ಲದ್ದರ ಗುರುತು ಎಂದು ನಾವು ಈಗ ಸುಲಭವಾಗಿ ನಂಬುತ್ತೇವೆ. ಆದರೆ ಈ ಮಾತು ಹುಟ್ಟಿದ ಮನೆಯನ್ನು ಸ್ವಲ್ಪ ನೆನಪಿಸಿಕೊಳ್ಳಿ. ಹೆಬ್ಬಾಗಿಲು, ಜಗಲಿ, ಹತ್ತು ಹದಿನೈದು ಮಂದಿ, ಯಾವ ಹೊತ್ತಿಗೆ ಹೋದರೂ ಒಬ್ಬರಾದರೂ ಇದ್ದೇ ಇರುವ ಮನೆ. ಬಂದವರಿಗೆ ಆಸ್ರಿಗೆ ನೀರು, ಒಂದು ತುಂಡು ಬೆಲ್ಲ. ಊಟದ ಹೊತ್ತಾದರೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಇದ್ದರೆ ಒಂದು ಚಟ್ನಿ. ದೊಡ್ಡ ಪಾತ್ರೆಯ ಗಂಜಿಯಲ್ಲಿ ಒಂದು ಬಟ್ಟಲು ಹೆಚ್ಚಿಗೆ ಬಡಿಸುವುದಕ್ಕೆ ಯಾರ ಅನುಮತಿಯೂ ಬೇಡ, ಪೇಟೆಗೆ ಓಡುವುದೂ ಬೇಡ. ಅಂಥ ಮನೆಯವರು "ಒಂದ್ಸಲ ಬನ್ನಿ" ಎಂದರೆ ದಿನ ಯಾಕೆ ಹೇಳಬೇಕು? ದಿನ ಹೇಳಿದ್ದರೆ ಉಳಿದ ದಿನಗಳಿಗೆ ಬಾಗಿಲು ಹಾಕಿದಂತೆ ಆಗುತ್ತಿತ್ತು. ಅಲ್ಲಿ ಅಸ್ಪಷ್ಟತೆ ಜಾರಿಕೊಳ್ಳುವ ದಾರಿಯಾಗಿರಲಿಲ್ಲ. ಯಾವಾಗ ಬೇಕಾದರೂ ಬರುವ ಹಕ್ಕನ್ನು ಎದುರಿನವರಿಗೆ ಕೊಟ್ಟದ್ದು ಅದು. ಯೋಜನೆಯೂ ಅಲ್ಲದ, ಬರಿಯ ಸದ್ದೂ ಅಲ್ಲದ ಈ ಮೂರನೆಯ ಬಗೆಗೆ ಆ ಇಬ್ಬರು ವಿದ್ವಾಂಸರ ಪಟ್ಟಿಯಲ್ಲಿ ಜಾಗ ಸಿಗುವುದು ಕಷ್ಟ.

ಕಾಲ ಬದಲಾಯಿತು. ಹಾಗಾದರೆ ಈಗ ಕೇಳಿಸುವ ಕರೆಯಲ್ಲಿ ಎಷ್ಟು ತೂಕವಿದೆ ಎಂದು ತಿಳಿಯುವುದು ಹೇಗೆ? ಊರಿನವರಿಗೆ ಇದು ಗೊತ್ತು. ಮದುವೆಗೆಂದು ಬೆಂಗಳೂರಿನಿಂದ ಬಂದ ಹೋಟೆಲ್ ಕೆಲಸದ ಹುಡುಗನೊಬ್ಬ ಸರ್ಕಲ್ಲಿನಲ್ಲಿ ತಾಯಿಯ ಕಡೆಯ ಮಾವನಿಗೆ ಸಿಕ್ಕಿದ ಎಂದುಕೊಳ್ಳಿ. ಮಾತು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ.

"ಯಾವಾಗ್ ಬಂದದ್ ಮರಾಯಾ?"

"ನಿನ್ನೆ ಬಂದೆ ಮಾವ. ನಾಳೆ ರಾತ್ರಿ ಬಸ್ಸಿಗ್ ಹೋತೆ."

"ಮನಿಗ್ ಬಾ ಒಂದ್ಸಲ."

"ಬತ್ತೆ ಮಾವ. ಈ ಸಲ ಆತಿಲ್ಲೆ, ಕಾಂಬ."

"ಕೊಡಿ ಹಬ್ಬಕ್ ಬತ್ಯಲ್ದಾ? ಹಬ್ಬದ್ ದಿನ ಊಟಕ್ ನಮ್ಮನಿಗೇ ಬರ್ಕ್. ಅತ್ತಿ ಹೇಳ್ತಾ ಇದ್ಲ್."

ಇಲ್ಲಿ ಎರಡು ಕರೆಗಳಿವೆ. ಮೊದಲನೆಯದಕ್ಕೆ ಹುಡುಗ "ಕಾಂಬ" ಎಂದ. ನಮ್ಮ ಕಡೆ ಅದು ಮುಖ ಮುರಿಯದ ನಕಾರ, ಮಾವನೂ ಅದನ್ನು ಹಾಗೆಯೇ ತೆಗೆದುಕೊಂಡ. ಆ ಕರೆ ಆಗಬೇಕಾದ ಕೆಲಸವನ್ನು ಆಗಲೇ ಮುಗಿಸಿತ್ತು: ನೀನು ನಮ್ಮವನು, ಸಂಬಂಧ ಹಳಸಿಲ್ಲ ಎಂದು ನಾಲ್ಕು ಜನರೆದುರು ಹೇಳಿದ್ದಾಯಿತು. ಎರಡನೆಯದು ಬೇರೆ. ಕೋಟೇಶ್ವರದ ಕೊಡಿ ಹಬ್ಬ ವೃಶ್ಚಿಕ ಮಾಸದ ಹುಣ್ಣಿಮೆಗೆ ಬರುತ್ತದೆ, ಕ್ಯಾಲೆಂಡರಿನಲ್ಲಿ ದಿನ ನಿಂತಿರುತ್ತದೆ. ಹೊಸದಾಗಿ ಮದುವೆಯಾದವರು ರಥ ನೋಡಿ ಕಬ್ಬಿನ ಕೊಡಿ ಕೊಂಡುಹೋಗುವ ಹಬ್ಬ ಅದು, ಹೊರಗಿದ್ದವರು ರಜೆ ಹಾಕಿ ಬರುವ ಹಬ್ಬ. ಮಾವ ತಾರೀಖು ಹೇಳಲಿಲ್ಲ ನಿಜ, ಆದರೆ ತಾರೀಖಿಗಿಂತ ಗಟ್ಟಿಯಾದ ಗೂಟಕ್ಕೆ ಕರೆಯನ್ನು ಕಟ್ಟಿದ. ಮಾರಣಕಟ್ಟೆಯ ಕಡೆಯವರಾದರೆ ಮಕರ ಸಂಕ್ರಾಂತಿಯ ಜಾತ್ರೆಗೆ ಕಟ್ಟುತ್ತಿದ್ದರು, ಕೊಲ್ಲೂರಿನ ಕಡೆಯವರು ರಥೋತ್ಸವಕ್ಕೆ. ಗದ್ದೆಯಿದ್ದವರು ಹೊಸ ಅಕ್ಕಿ ಊಟಕ್ಕೆ ಹೇಳುತ್ತಿದ್ದರು.

ಇನ್ನೊಂದು ಗುರುತು ಮಾವನ ಕೊನೆಯ ತುಣುಕಿನಲ್ಲಿದೆ: "ಅತ್ತಿ ಹೇಳ್ತಾ ಇದ್ಲ್." ರಸ್ತೆಯಲ್ಲಿ ನಿಂತು ಕರೆಯುವ ಗಂಡಸಿಗೆ ಆ ಕರೆ ಪುಕ್ಕಟೆ. ಅದರ ಖರ್ಚು ಬೀಳುವುದು ಬೆಳಿಗ್ಗೆ ಎದ್ದು ಅಕ್ಕಿ ರುಬ್ಬುವವರ ಮೇಲೆ, ಸಂಜೆ ಪಾತ್ರೆ ತೊಳೆಯುವವರ ಮೇಲೆ. ಆದ್ದರಿಂದ ಅಡುಗೆಮನೆ ನಡೆಸುವವರ ಹೆಸರು ಬಂತೋ ಇಲ್ಲವೋ ಎಂದು ತಿಳಿದವರು ಗಮನಿಸುತ್ತಾರೆ. ಅತ್ತೆಯೇ ಎದುರು ಸಿಕ್ಕಿ "ಬಪ್ಪುದಾದ್ರೆ ಹೇಳ್, ಕೋಳಿ ಸಾರ್ ಮಾಡ್ತೆ" ಎಂದರೆ ಆ ಕರೆ ಮುಕ್ಕಾಲು ಪಾಲು ಊಟವೇ ಆಯಿತು. ಒಂದು ಪದಾರ್ಥದ ಹೆಸರು ಬಂದರೆ ಮನಸ್ಸಿನಲ್ಲಿ ಆಗಲೇ ಒಲೆ ಹಚ್ಚಿದ್ದಾಗಿದೆ ಎಂದೇ ಅರ್ಥ. ಗಂಡಸರು ಸಾವಿರ ಸಲ ಕರೆದು ಹೆಂಗಸರು ಒಮ್ಮೆಯೂ ಕರೆಯದ ಮನೆಗಳಿವೆ. ಅಲ್ಲಿಗೆ ಹೋಗದಿರುವುದೇ ಒಳ್ಳೆಯದು.

ಗಟ್ಟಿಯಾಗಿ ಕರೆಯಲು ನಮ್ಮ ಊರಿಗೆ ಬರುವುದಿಲ್ಲ ಎಂದಲ್ಲ. ಅದಕ್ಕೆ 'ಹೇಳಿಕೆ' ಎಂಬ ವ್ಯವಸ್ಥೆಯೇ ಇದೆ. ಮದುವೆ, ಗೃಹಪ್ರವೇಶ, ನಾಗಮಂಡಲಕ್ಕೆ ಮನೆಮನೆಗೆ ಹೋಗಬೇಕು, ಹಿರಿಯರ ಕೈಗೆ ಕಾಗದ ಕೊಡಬೇಕು, ಮನೆಯವರೆಲ್ಲ ಬರಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಯಾರ ಕೈಯಲ್ಲೋ ಹೇಳಿ ಕಳಿಸಿದರೆ, ಫೋನಿನಲ್ಲಿ ಮುಗಿಸಿದರೆ, "ಮನಿಗ್ ಬಂದ್ ಹೇಳ್ಲಿಲ್ಲ" ಎಂಬ ಮುನಿಸು ವರ್ಷಗಟ್ಟಲೆ ಉಳಿಯುತ್ತದೆ. ಮಂದಾರ್ತಿಯ ಮೇಳದ ಹರಕೆ ಆಟವನ್ನು ನೋಡಿ. ಹರಕೆ ಹೊತ್ತವರು ತಮ್ಮ ಸರದಿಗಾಗಿ ಹಲವು ವರ್ಷ ಕಾಯುತ್ತಾರೆ, ದಿನ ಸಿಕ್ಕಿದ ಮೇಲೆ ನೆಂಟರಿಗೆಲ್ಲ ಹೇಳಿಕೆ ಹೋಗುತ್ತದೆ. ಅಷ್ಟು ದೂರದ ದಿನಕ್ಕೆ ತಾಳ್ಮೆಯಿಂದ ಯೋಜನೆ ಹಾಕಬಲ್ಲ ಜನ ಸರ್ಕಲ್ಲಿನಲ್ಲಿ ದಿನ ಹೇಳದೆ ಕರೆದರೆ, ಅದು ಮರೆವಲ್ಲ, ಅಸಡ್ಡೆಯೂ ಅಲ್ಲ. ಎರಡು ಬೇರೆ ಕೆಲಸಗಳಿಗೆ ಎರಡು ಬೇರೆ ಕರೆಗಳು. ಹಾಗೆಂದು ಹೇಳಿಕೆಯೆಲ್ಲ ಮನಃಪೂರ್ವಕ ಎಂದೂ ಅಲ್ಲ. ಬಿಟ್ಟರೆ ತಪ್ಪಾಗುತ್ತದೆ ಎಂದು ಹೇಳುವವರಿದ್ದಾರೆ, ಹೇಳಿದ್ದಕ್ಕೆ ಮನೆಯಿಂದ ಒಬ್ಬರು ಹೋಗಿ ಮುಖ ತೋರಿಸಿ ಬರುವುದೂ ಇದೆ. ಹೇಳಿಕೆ ಮನೆಯನ್ನು ಕಟ್ಟುತ್ತದೆ, ಮನುಷ್ಯನನ್ನಲ್ಲ.

ಹಳೆಯ ತೆರೆದ ಕರೆಯ ಬೆನ್ನು ಮುರಿದದ್ದು ಒಂದು ಸಣ್ಣ ಸೇರ್ಪಡೆ: "ಬಪ್ಪತಿಗೆ ಒಂದ್ ಫೋನ್ ಮಾಡಿ." ಕೇಳಲು ಎಷ್ಟು ಸೌಜನ್ಯ! ಆದರೆ ಕೊಟ್ಟ ಹಕ್ಕನ್ನು ಅದು ಮೆಲ್ಲಗೆ ವಾಪಸು ತೆಗೆದುಕೊಂಡಿತು. ಮೊದಲು ಬರುವವನು ಬಂದರೆ ಸಾಕಿತ್ತು. ಈಗ ಅವನು ಮೊದಲು ಅರ್ಜಿ ಹಾಕಬೇಕು. ಬರದೆ ಉಳಿದರೆ ತಪ್ಪು ಫೋನ್ ಮಾಡದವನದ್ದು, ಕರೆದವನದ್ದಲ್ಲ. ಇದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಮನೆಯಲ್ಲಿ ಈಗ ಇಬ್ಬರೋ ಮೂವರೋ, ಇಬ್ಬರೂ ಕೆಲಸಕ್ಕೆ ಹೋಗುವವರು. ಬಂದವರಿಗೆ ಗಂಜಿ ಬಡಿಸುವ ಧೈರ್ಯವೂ ಉಳಿದಿಲ್ಲ. ಕೋಳಿಯೋ ಮೀನೋ ಆಗಬೇಕು, ಮೇಲೊಂದು ಐಸ್‌ಕ್ರೀಮ್ ಬೇಕು. ಅತಿಥಿ ದುಬಾರಿಯಾದ ಮೇಲೆ ಬಾಗಿಲಿಗೆ ಸಮಯ ಬೇಕೇ ಬೇಕಾಯಿತು.

ಅದರ ನಂತರ ಬಂದದ್ದು ಬೆಂಗಳೂರಿನ "ಒಂದಿನ ಸಿಗೋಣ". ಊರಿನ ಹುಡುಗರ ಬಾಯಲ್ಲಿ ಅದೇ "ಸಿಕ್ವ" ಆಗಿದೆ. ಇದರ ಬಗ್ಗೆ ನನಗೆ ತಕರಾರಿದೆ. "ಮನಿಗ್ ಬನ್ನಿ" ಎಂದಾಗ ಒಬ್ಬ ಮನೆಯವನು, ಒಬ್ಬ ನೆಂಟ ಇರುತ್ತಾರೆ. ಬಂದರೆ ಬಡಿಸುವುದು ಯಾರ ಪಾಲಿನ ಕೆಲಸ ಎಂಬುದು ಮಾತಿನಲ್ಲೇ ಇದೆ. ಕರೆದವನು ಸುಮ್ಮನೆ ಕರೆದಿದ್ದರೂ ನಾಳೆ ಬಾಗಿಲಿಗೆ ನೆಂಟ ಬಂದು ನಿಂತರೆ ಅವನು ಸಿಕ್ಕಿಬಿದ್ದ, ಬಾಯಿ ಮಾತಿನ ಸಾಲವನ್ನು ಅನ್ನದಲ್ಲಿ ತೀರಿಸಲೇಬೇಕು. "ಸಿಗೋಣ" ಎಂಬುದರಲ್ಲಿ ಮನೆಯೂ ಇಲ್ಲ, ಮನೆಯವನೂ ಇಲ್ಲ. ಸಿಗದಿದ್ದರೆ ಯಾರ ಮೇಲೂ ಬಾಕಿಯಿಲ್ಲ. ಐಸಾಕ್ಸ್, ಕ್ಲಾರ್ಕ್ ಹೇಳಿದ ತೋರಿಕೆಯ ಆಹ್ವಾನ ನಮ್ಮಲ್ಲಿ ಸರಿಯಾಗಿ ಹೊಂದುವುದು ಇದಕ್ಕೆ.

ಈ ಎರಡು ಬಗೆಯ ಮಾತುಗಳು ಎದುರುಬದುರಾದಾಗ ಪೆಟ್ಟು ತಿನ್ನುವವರು ವಯಸ್ಸಾದವರು. ಬೆಂಗಳೂರಿನವನು "ಬತ್ತೆ ಅಬ್ಬಿ, ಕಾಂಬ" ಎಂದು ಫೋನ್ ಇಡುವಾಗ ಅವನ ಲೆಕ್ಕದಲ್ಲಿ ಅದು "ಸಿಗೋಣ"ದಷ್ಟೇ ಹಗುರ. ಕೇಳಿಸಿಕೊಂಡವರು ಹಳೆಯ ಮನೆಯ ಲೆಕ್ಕದವರು. ಅವರಿಗೆ "ಕಾಂಬ" ಕೇಳಿಸುವುದೇ ಇಲ್ಲ, "ಬತ್ತೆ" ಮಾತ್ರ ಕೇಳಿಸುತ್ತದೆ. ಮೀನಿನವಳಿಗೆ ಹೇಳಿಟ್ಟು, ಕಡುಬಿಗೆ ಅಕ್ಕಿ ನೆನೆಹಾಕಿ ಕಾಯುವುದು ಅವರೇ. ಮಗ ಬಾರದಿದ್ದಾಗ ಅವರು ಮಾತಿಗೆ ತಪ್ಪಿದ ಎನ್ನುವುದಿಲ್ಲ, ಪಾಪ ರಜೆ ಸಿಕ್ಕಿರಲಿಕ್ಕಿಲ್ಲ ಎನ್ನುತ್ತಾರೆ.

ಹಾಗಾಗಿ ಒಂದೇ ಕೇಳಿಕೆ. ಗೆಳೆಯರ ನಡುವೆ "ಸಿಕ್ವ" ಎಷ್ಟು ಬೇಕಾದರೂ ಇರಲಿ, ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಎಪ್ಪತ್ತು ದಾಟಿದವರು "ಮನಿಗ್ ಬಾ" ಎಂದಾಗ "ಕಾಂಬ" ಎನ್ನಬೇಡಿ. ಬರುವುದಾದರೆ ಯಾವ ಹಬ್ಬಕ್ಕೆ ಎಂದು ಹೇಳಿ, ಆಗದಿದ್ದರೆ "ಈ ವರ್ಷ ಆತಿಲ್ಲೆ" ಎಂದು ಹೇಳಿಬಿಡಿ.